ಮೂಲ ಪತ್ರ ದೇವರ ಸಂಗಡ

ಅಪ್ಪನಿಗೆ ಸಾವಿನ ಭಯ ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ, ಆಸ್ಪತ್ರೆಯಿಂದ ಮನೆಗೆ ಬಂದಮೇಲೆ. ಎದೆನೋವೆಂದು ಶಿರಸಿಯಲ್ಲಿ ಮಲಗಿಸಿದ್ದಾಗ ಪಕ್ಕದ ಹಾಸಿಗೆಯವನ ಜೊತೆ ಅಡಿಕೆ ದರದ ಮೇಲೆ ವಾದ ಮಾಡಿಕೊಂಡು ಆರಾಮಾಗಿಯೇ ಇದ್ದ. ಸಿದ್ದಾಪುರದ ಕಡೆಯ ನಮ್ಮ ಮನೆಗೆ ಮರಳಿದಾಗ, ವಿಮೆಯ ಕಾರ್ಡು ಸಿಗದೆ ತಮ್ಮ ಅರ್ಧ ದಿನ ಕಪಾಟು ಬಗೆದ ಕತೆ ಕಿವಿಗೆ ಬಿತ್ತು. ಆಗ ಮುಖ ಸಣ್ಣದಾಯಿತು.

"ಒಂದು ಕಾರ್ಡಿಗೇ ಹಿಂಗಾದ್ರೆ, ಆನು ಹೋದ್ಮೇಲೆ ನಿಂಗ ಎಂತ ಹುಡುಕ್ತ್ರಿ?" ಎಂದ.

ಹಾಗಾಗಿ ನನಗೆ ಬುಲಾವು ಬಂತು. ನಾನು ಇಸಳೂರಿನಲ್ಲಿರುವವಳು, ಹೈಸ್ಕೂಲು ಮೇಷ್ಟ್ರಗಿರಿ ಮಾಡಿ ನಿವೃತ್ತಿಯಾದವಳು. ಜೀವಮಾನವಿಡೀ ಹಾಜರಿ ಪುಸ್ತಕಕ್ಕೆ ಗೆರೆ ಎಳೆದವಳಿಗೆ ಇನ್ನೊಂದು ಪಟ್ಟಿ ಬರೆಯುವುದು ಏನು ಮಹಾ ಎಂದು ಅಪ್ಪನ ಲೆಕ್ಕ. ಮನೆಯ ಎಲ್ಲ ಕಾಗದಪತ್ರ ಯಾವುವು, ಅವುಗಳ ಮೂಲ ಪ್ರತಿ ಎಲ್ಲಿದೆ, ಯಾರ ಸುಪರ್ದಿಯಲ್ಲಿದೆ, ಕೀಲಿ ಯಾರ ಹತ್ತಿರ, ಇಷ್ಟೂ ಒಂದು ಪಟ್ಟಿಯಲ್ಲಿ ಬರಬೇಕು. ಮೇಲುಗಡೆ ಏನು ಬರೆಯಲಿ ಎಂದು ಕೇಳಿದರೆ, "ನನ್ನ ನಂತರ ನನ್ನ ಮಗನ ತಿಳುವಳಿಕೆಗಾಗಿ" ಎಂದು ಪುಸ್ತಕದ ಕನ್ನಡದಲ್ಲಿ ಹೇಳಿದ.

ಮಗ ಒಬ್ಬನೇ. ಹೆಣ್ಣುಮಕ್ಕಳು ಇಬ್ಬರಿದ್ದೇವೆ. ನನ್ನದು ಬಿಡಿ, ನನಗೆ ಪಿಂಚಣಿ ಬರುತ್ತದೆ, ಬಾಯಿಯೂ ಇದೆ. ಅಕ್ಕನಿಗೆ ಎರಡೂ ಇಲ್ಲ. ಗಂಡನ ಮನೆ ಬಿಟ್ಟು ತವರಿಗೆ ಬಂದವಳು ಪಡುವಣ ದಿಕ್ಕಿನ ಎರಡು ಕೋಣೆಗಳಲ್ಲಿ ಇದ್ದುಬಿಟ್ಟಳು. ಮನೆಯ ಎಮ್ಮೆ, ಉಪ್ಪಿನಕಾಯಿ, ಅಪ್ಪನ ಔಷಧಿ, ಎಲ್ಲ ಅವಳದೇ. ಕಾಗದದಲ್ಲಿ ಮಾತ್ರ ಅವಳು ರೇಷನ್ ಕಾರ್ಡು ಬಿಟ್ಟರೆ ಬೇರೆಲ್ಲೂ ಇಲ್ಲ. ತಮ್ಮ ಒಳ್ಳೆಯವನೇ. ಆದರೆ ಒಳ್ಳೆಯತನಕ್ಕೆ ಚಕ್ಕುಬಂದಿ ಇರುವುದಿಲ್ಲ, ಇವತ್ತು ಇಲ್ಲಿಯವರೆಗೆ, ನಾಳೆ ಎಲ್ಲಿಯವರೆಗೋ.

ಅದಕ್ಕೇ ನಾನು ಪೆನ್ನಿನ ಟೋಪಿ ತೆಗೆಯುವ ಮೊದಲೇ ಚೌಕಾಸಿ ಮಾಡಿದೆ. "ಪಟ್ಟಿ ಬರೆದುಕೊಡುತ್ತೇನೆ. ನೀನು ಅಕ್ಕನಿಗೆ ಆ ಎರಡು ಕೋಣೆ ಅಂತ ಮೃತ್ಯುಪತ್ರ ಬರೆಸಬೇಕು. ಈ ಪಟ್ಟಿಯಿಂದ ಯಾರಿಗೂ ಏನೂ ಸಿಗುವುದಿಲ್ಲ, ಇದು ಬರೀ ದಾರಿ ತೋರಿಸುವ ಕಾಗದ."

ಅಪ್ಪ ತಲೆ ಆಡಿಸಿದ. ಹೌದು ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ. ತೊಡಕು ಏನೆಂದರೆ, ಆ ಎರಡು ಕೋಣೆ ತನ್ನ ಹಿಸ್ಸೆಯವು ಎಂದು ಶಿರಸಿಯಲ್ಲಿರುವ ಚಿಕ್ಕಪ್ಪ ಆಗಾಗ ಗೊಣಗುತ್ತಿದ್ದ. ಅಜ್ಜ ಹೋದಮೇಲೆ ದೊಡ್ಡಪ್ಪ, ಅಪ್ಪ, ಚಿಕ್ಕಪ್ಪ ಮೂವರೂ ಬೇರೆಯಾದರು. ತೋಟ ಗದ್ದೆಗೆ ಶಾನುಭೋಗರಲ್ಲಿ ವರ್ದಿ ಕೊಟ್ಟು ಪಹಣಿಯಲ್ಲಿ ಹೆಸರು ಬೇರೆ ಬೇರೆ ಮಾಡಿಸಿಕೊಂಡರು. ಮನೆಗೆ ಮಾತ್ರ ಪಂಚಾಯತಿಯಲ್ಲಿ ಈಗಲೂ ಒಂದೇ ನಂಬರು. ಯಾವ ಕೋಣೆ ಯಾರದು ಎಂಬುದು ಹಿರಿಯರ ಎದುರು ಬಾಯಿಮಾತಿನಲ್ಲಿ ತೀರ್ಮಾನವಾಗಿ, ಆಮೇಲೆ ಅದನ್ನೇ ಒಂದು ಛಾಪಾ ಕಾಗದದ ಮೇಲೆ ಬರೆದು, ನಕಾಶೆ ಎಳೆದು, ಮೂವರೂ ಸಹಿ ಹಾಕಿದರು. ನೋಂದಣಿ ಮಾಡಿಸಲಿಲ್ಲ. ಹಾಗಾಗಿ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ ನಕಲು ಕೊಡಿ ಎಂದರೆ ಅವರು ನಮ್ಮ ಮುಖ ನೋಡುತ್ತಾರೆ ಅಷ್ಟೇ. ಇದ್ದದ್ದು ಒಂದೇ ಒಂದು ಮೂಲ.

"ಮೊದಲು ಆ ವಾಟ್ನಿ ಪತ್ರ ನೋಡವು. ಆಮೇಲೆ ಮೃತ್ಯುಪತ್ರ," ಎಂದ ಅಪ್ಪ.

ವಾಟ್ನಿ ಪತ್ರವೆಂದರೆ ಅದೇ, ಹಿಸ್ಸೆಯ ಕಾಗದ. ಸರಿ, ನೋಡೋಣ ಎಂದು ಕೂತೆ. ನನ್ನದೊಂದು ನಿಯಮ: ಕಣ್ಣಲ್ಲಿ ಕಂಡದ್ದನ್ನು ಮಾತ್ರ ಬರೆಯುವುದು, "ಇರಬಹುದು" ಎಂದದ್ದನ್ನು ಬರೆಯುವುದಿಲ್ಲ. ಈ ನಿಯಮದಿಂದ ಅಪ್ಪನ ಅರ್ಧ ಆಸ್ತಿ ಮಧ್ಯಾಹ್ನದೊಳಗೆ ಕರಗಿತು. ಜೀವದಂತೆ ಕಾಪಾಡಿದ ಕಟ್ಟು ಬಿಚ್ಚಿದರೆ ವರ್ಷವರ್ಷದ ಪಹಣಿ ಪ್ರತಿಗಳು. ಈಗ ಯಾವ ಅಂಗಡಿಯಲ್ಲಿ ಕೇಳಿದರೂ ಕಂಪ್ಯೂಟರಿನಿಂದ ತೆಗೆದುಕೊಡುತ್ತಾರೆ, ಅದಕ್ಕೆ ಮನೆಯಲ್ಲಿಡುವ ಮೂಲವೆಂಬುದೇ ಇಲ್ಲ. ಎಂದೋ ಅವಧಿ ಮುಗಿದು ದುಡ್ಡೂ ಬಂದು ಖರ್ಚೂ ಆದ ವಿಮೆಯ ಪಾಲಿಸಿ. ಸತ್ತವರ ರೇಷನ್ ಕಾರ್ಡುಗಳು. ಮಾರಿಹೋದ ಸ್ಕೂಟರಿನ ಪುಸ್ತಕ. ಅಜ್ಜಿಯ ಮರಣದ ದಾಖಲೆ ಮಾತ್ರ ಎಲ್ಲಿ ಹುಡುಕಿದರೂ ಇರಲಿಲ್ಲ. ಅಜ್ಜಿ ಸತ್ತಿದ್ದಾಳೆಂಬುದಕ್ಕೆ ನಮ್ಮ ಹತ್ತಿರ ಅಜ್ಜಿ ಇಲ್ಲದಿರುವುದೊಂದೇ ಆಧಾರ.

ಬ್ಯಾಂಕಿನ ಲಾಕರು ಅಪ್ಪನೊಬ್ಬನ ಹೆಸರಿನಲ್ಲಿತ್ತು, ನಾಮಿನಿ ಎಂದು ಆಯಿಯ, ಅಂದರೆ ನಮ್ಮ ಅಮ್ಮನ, ಹೆಸರು. ಆಯಿ ತೀರಿಹೋದ ಮೇಲೂ ಬದಲಾಯಿಸಿರಲಿಲ್ಲ. "ಮೇಲಿಂದ ಬಂದು ಕೀಲಿ ತಗತ್ತಾ ಅದು?" ಎಂದು ನಾನು ಕೇಳಿದ್ದಕ್ಕೆ ಅಪ್ಪ ಸಿಟ್ಟಾಗಿ ಮುಂದಿನ ಕಟ್ಟನ್ನು ನನ್ನತ್ತ ಎಸೆದ. ಠೇವಣಿ ರಸೀದಿ, ಸೊಸೈಟಿಯ ಷೇರು ಪತ್ರ, ತೋಟದ ಖರೇದಿ ಪತ್ರ, ಇವೆಲ್ಲ ಕಂಡವು, ಬರೆದೆ. ಕೊನೆಗೆ ವಾಟ್ನಿ ಪತ್ರಕ್ಕೆ ಬಂದೆವು.

"ಎಲ್ಲಿದೆ?"

"ದೇವರ ಸಂಗಡ."

"ದೇವರು ಎಲ್ಲಿದ್ದಾನೆ?"

ಅಧ್ಯಾತ್ಮದ ಪ್ರಶ್ನೆಯಲ್ಲ ಇದು. ನಮ್ಮ ಮನೆದೇವರು ಹಿಸ್ಸೆಯಾಗಲಿಲ್ಲ. ಮೂರು ಸಾಲಿಗ್ರಾಮ, ಒಂದು ಗಣಪತಿ, ಒಂದು ಗಂಟೆ, ಇವನ್ನು ಒಡೆದು ಹಂಚುವ ಧೈರ್ಯ ಅಣ್ಣತಮ್ಮಂದಿರಿಗೆ ಆಗಲಿಲ್ಲ. ಅದಕ್ಕೆ ದೇವರಿಗೆ ಸರತಿ. ಒಂದು ವರ್ಷ ಇವರ ಮನೆ, ಮರುವರ್ಷ ಅವರ ಮನೆ, ಯುಗಾದಿಗೆ ವರ್ಗಾವಣೆ. ನಾನು ನೌಕರಿಯಲ್ಲಿದ್ದಾಗಲೂ ಅಷ್ಟು ಸಲ ಊರು ಬದಲಿಸಿದವಳಲ್ಲ. ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇರಲಿಲ್ಲ, ದೇವರ ಮೇಲೆ ಎಲ್ಲರಿಗೂ ಇತ್ತು. ಹಾಗಾಗಿ ಮೂವರಿಗೂ ಸೇರಿದ ಸಮಾಯಿಕ ಕಾಗದಗಳನ್ನು ಒಂದು ತಗಡಿನ ಪೆಟ್ಟಿಗೆಯಲ್ಲಿ ಹಾಕಿ, ಮೂರು ಬೀಗ ಜಡಿದು, ಮನೆಗೊಂದು ಕೀಲಿ ಹಂಚಿ, ಪೆಟ್ಟಿಗೆಯನ್ನು ದೇವರ ಹಿಂದೆ ಕಳಿಸಿದರು. ಮೂವರೂ ಸೇರದೆ ತೆರೆಯುವಂತಿಲ್ಲ. ಮೂವರೂ ಸೇರುವುದು ಯಾರಾದರೂ ಸತ್ತಾಗ, ಆಗ ಪೆಟ್ಟಿಗೆ ನೆನಪಾಗುವುದಿಲ್ಲ.

ಪಟ್ಟಿಯ "ಎಲ್ಲಿದೆ" ಎಂಬ ಕಾಲಮಿನಲ್ಲಿ ಯುಗಾದಿಯಿಂದ ಯುಗಾದಿಗೆ ಬದಲಾಗುವ ವಿಳಾಸ ಬರೆಯುವುದು ಹೇಗೆ? ಪೆಟ್ಟಿಗೆಯನ್ನು ಕಣ್ಣಲ್ಲಿ ಕಾಣದೆ ಬರೆಯುವುದಿಲ್ಲ ಎಂದು ಹಟ ಹಿಡಿದೆ. ಆ ವರ್ಷ ದೇವರು ಯಲ್ಲಾಪುರದ ಆಚೆ, ಅರಬೈಲಿನ ಹತ್ತಿರ, ದೊಡ್ಡಪ್ಪನ ಮಗನ ಮನೆಯಲ್ಲಿದ್ದ. ತಮ್ಮ ಕಾರು ತೆಗೆದ. ಅಪ್ಪ ತನ್ನ ಕೀಲಿ ಕೊಟ್ಟ. ಶಿರಸಿಯಲ್ಲಿ ಚಿಕ್ಕಪ್ಪನನ್ನು ಹತ್ತಿಸಿಕೊಂಡೆವು. ಅವನ ಕೀಲಿ ಜನಿವಾರದಲ್ಲಿ ನೇತಾಡುತ್ತಿತ್ತು. ದಾರಿಯುದ್ದಕ್ಕೂ ಅವನು ಅದನ್ನು ಅಂಗಿಯ ಮೇಲಿನಿಂದಲೇ ಮುಟ್ಟಿ ನೋಡಿಕೊಂಡ.

"ಪಡುವಣ ಕೋಣೆ ಯನ್ನದೇ ಸೈ. ಪತ್ರ ತೆಗೆದ್ರೆ ಗೊತ್ತಾಗ್ತು," ಎಂದು ಕಾರಿನಲ್ಲೇ ಘೋಷಿಸಿದ.

"ಅಲ್ಲಿ ಅಕ್ಕ ಇದ್ದು ಚಿಕ್ಕಪ್ಪ," ಎಂದ ತಮ್ಮ.

"ಇರ್ಲಿ. ಯಾರು ಬೇಡ ಹೇಳಿದ್ದ? ಕೋಣೆ ಯಾರದ್ದು ಹೇಳಿ ಮಾತು." ಹೀಗೆ "ಇರಲಿ" ಎನ್ನುವವರ ಕಂಡರೆ ನನಗೆ ಮೈ ಉರಿಯುತ್ತದೆ. ಅಕ್ಕನ ಇಡೀ ಬದುಕು ಇವರೆಲ್ಲರ "ಇರಲಿ"ಯ ಮೇಲೆ ನಿಂತಿತ್ತು.

ದೊಡ್ಡಪ್ಪನ ಮಗ, ನನಗೆ ಅಣ್ಣ, ಹೊಸ ಮನೆ ಕಟ್ಟಿಸಿದ್ದಾನೆ. ದೇವರ ಕೋಣೆಗೂ ನುಣುಪು ಟೈಲ್ಸು. ಮೂಲೆಯಲ್ಲಿ ಪೆಟ್ಟಿಗೆ. ಗಂಡಸರು ಕೈಕಾಲು ತೊಳೆದು, ಅಡ್ಡಬಿದ್ದು, ಗಂಭೀರವಾಗಿ ಕೀಲಿಗಳನ್ನು ತೆಗೆದರು. ಅಣ್ಣನ ಬೀಗ ತೆರೆಯಿತು. ಚಿಕ್ಕಪ್ಪನದು ಸ್ವಲ್ಪ ಸತಾಯಿಸಿ ತೆರೆಯಿತು. ನಮ್ಮ ಅಪ್ಪನದು ತುಕ್ಕು ಹಿಡಿದು ಅಲುಗಲಿಲ್ಲ. ತೆಂಗಿನೆಣ್ಣೆ ಬಿಟ್ಟರು, ಸುತ್ತಿಗೆಯಿಂದ ಮೆಲ್ಲಗೆ ಬಡಿದರು, ಬೀಗ ಒಡೆಯುವುದಕ್ಕೆ ಅಪ್ಪನ ಒಪ್ಪಿಗೆ ಬೇಕೋ ಬೇಡವೋ ಎಂದು ಚರ್ಚೆ ಶುರುವಾಯಿತು.

ಅಣ್ಣನ ಹೆಂಡತಿ, ಅಂದರೆ ಅತ್ತಿಗೆ, ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಒಲೆಯ ಮೇಲೆ ಹಾಲಿಟ್ಟು ಬಂದಿದ್ದಳೆಂದು ಕಾಣುತ್ತದೆ. "ಎಂತಕ್ಕೆ ಅಷ್ಟು ಒದ್ದಾಡ್ತ್ರಿ? ಹಿಂದಿಂದ ತೆಗಿರಿ," ಎಂದಳು.

ಪೆಟ್ಟಿಗೆಯನ್ನು ತಿರುಗಿಸಿದಳು. ಹಿಂದಿನ ತಿರುಗಣಿಗಳಲ್ಲಿ ಕಡ್ಡಿಯ ಬದಲು ಒಂದೊಂದು ಮೊಳೆ. ಎರಡು ಬೆರಳಲ್ಲಿ ಎಳೆದಳು, ಬಂತು. ಮುಚ್ಚಳ ಬೀಗಗಳ ಸಮೇತ ಮುಂದಕ್ಕೆ ಮಗುಚಿತು. "ಪ್ರತಿ ಸರತಿಲೂ ಹಿಂಗೇ ತೆಗೆದು ನುಸಿಗುಳಿಗೆ ಹಾಕದು. ಅತ್ತೆನೇ ಹೇಳಿಕೊಟ್ಟಿದ್ದು," ಎಂದು ಹಾಲು ಉಕ್ಕುವ ಮೊದಲು ಒಳಗೆ ಹೋದಳು.

ಗಂಡಸರ ಮುಖ ನೋಡಬೇಕಿತ್ತು. ಮೂರು ತಲೆಗಳ ಅಪನಂಬಿಕೆಯನ್ನು ಮುಂದುಗಡೆ ಜಡಿದು ಕೂತಿದ್ದರು, ಹಿಂದುಗಡೆ ಹೆಂಗಸರು ಹಾದು ಹೋಗುತ್ತಿದ್ದರು.

ಆದರೆ ಗಂಡಸರಿಗೂ ಮೊಳೆಯ ವಿಷಯ ಗೊತ್ತಿತ್ತು ಎಂಬುದು ಪೆಟ್ಟಿಗೆಯೊಳಗೆ ಕೈ ಹಾಕಿದಮೇಲೆ ತಿಳಿಯಿತು. ನೀರಿನ ಕಾಲುವೆಯ ಮೇಲೆ ಅಜ್ಜ ಗೆದ್ದ ಕೋರ್ಟಿನ ತೀರ್ಪು ಇರಬೇಕಾದಲ್ಲಿ ಅದರ ಜೆರಾಕ್ಸ್ ಇತ್ತು. ಸೊಪ್ಪಿನ ಬೆಟ್ಟದ ನಕಾಶೆ ಇರಬೇಕಾದಲ್ಲಿಯೂ ಜೆರಾಕ್ಸ್.

"ಕಾಲುವೆ ಯನ್ನ ಗದ್ದೆಗೆ ಬಪ್ಪದು ಅಲ್ದಾ? ಮೂಲ ಯನ್ನ ಕಪಾಟಲ್ಲಿ ಜೋಪಾನವಾಗಿ ಇದ್ದು," ಎಂದ ಚಿಕ್ಕಪ್ಪ, ಗಂಟಲು ಸರಿಮಾಡಿಕೊಂಡು. ಅಣ್ಣ ಟೈಲ್ಸು ನೋಡುತ್ತ, ನಕಾಶೆ ತನ್ನ ಹತ್ತಿರವಿದೆ ಎಂದ. ಕಳ್ಳತನವಲ್ಲ, ಜೆರಾಕ್ಸ್ ಇಟ್ಟು ಒಯ್ಯುವುದು ಎರವಲು ತರುವ ಹಾಗೆ ಎಂದು ಇಬ್ಬರಿಗೂ ಮನವರಿಕೆಯಾಗಿತ್ತು. ನಾನು ಪಟ್ಟಿಯಲ್ಲಿ ಅವರವರ ಹೆಸರಿನ ಮುಂದೆ ಬರೆದು, ಕಾಗದದ ಫೋಟೋ ಕಳಿಸಿದಮೇಲೆ ಖಾತ್ರಿ ಎಂದು ಷರಾ ಹಾಕಿದೆ.

ವಾಟ್ನಿ ಪತ್ರದ ಮೂಲವೂ ಇರಲಿಲ್ಲ, ಜೆರಾಕ್ಸೂ ಇರಲಿಲ್ಲ. ಪೆಟ್ಟಿಗೆಯನ್ನು ತಲೆಕೆಳಗು ಮಾಡಿದೆವು. ಬಿದ್ದದ್ದು ನುಸಿಗುಳಿಗೆ.

ಚಿಕ್ಕಪ್ಪ ಎದ್ದು ನಿಂತ. "ನಿಂಗಳ ಸರತಿಲೇ ಹೋದ್ದು. ಇದು ನಿನ್ನ ಅಪ್ಪಂದೇ ಕೆಲಸ." ನಾನು, "ಪಡುವಣ ಕೋಣೆ ಬೇಕಾದವರು ಯಾರೋ ಅವರದೇ ಕೆಲಸ," ಎಂದೆ. ಊಟಕ್ಕೆ ಕೂತರೂ ಇಬ್ಬರೂ ಬೇರೆ ಬೇರೆ ಗೋಡೆ ನೋಡಿದೆವು. ಬರುವಾಗ ಚಿಕ್ಕಪ್ಪ ಕಾರು ಹತ್ತಲಿಲ್ಲ, ಬಸ್ಸಿಗೆ ಬರುತ್ತೇನೆಂದ. ತಮ್ಮನಿಗೆ ಪಾಪ ಎನಿಸಿತು. ನನಗೆ ಎನಿಸಲಿಲ್ಲ.

ಅಪ್ಪ ಜಗುಲಿಯಲ್ಲಿ ಕಾಯುತ್ತಿದ್ದ. ನಡೆದದ್ದನ್ನು ಹೇಳಿದೆವು. ಅವನ ಮುಖದಲ್ಲಿ ಗಾಬರಿ ಬಂತು, ಹೋಯಿತು, ಅದರ ಹಿಂದೆ ಇನ್ನೊಂದು ಬಂತು. ಅದು ನಿರಾಳ. ನಾನು ಪರೀಕ್ಷೆ ಮುಂದೆ ಹೋಯಿತೆಂದು ಕೇಳಿದ ಹುಡುಗರ ಮುಖ ಬೇಕಾದಷ್ಟು ನೋಡಿದ್ದೇನೆ, ನನ್ನಿಂದ ಅದನ್ನು ಬಚ್ಚಿಡಲು ಆಗುವುದಿಲ್ಲ.

"ಹಂಗಾರೆ ಎಂತ ಮಾಡದು? ಪತ್ರ ಇಲ್ಲದ್ದೆ ಆ ಕೋಣೆ ಹೆಂಗೆ ಬರೆದುಕೊಡದು? ತಮ್ಮನ ಸಂಗಡ ಈ ವಯಸ್ಸಲ್ಲಿ ಜಗಳ ಬೇಡ. ಹೆಂಗೂ ಅದು ಇಲ್ಲೇ ಇರ್ತು," ಎಂದ. "ಅದು" ಎಂದರೆ ಅಕ್ಕ.

ನನಗೆ ತಡೆಯಲಿಲ್ಲ. "ಕಳೆದು ಹೋದದ್ದೇ ಚಲೋ ಆತು ಹೇಳಿ ಕಾಣ್ತು ನಿಂಗೆ! ಎಮ್ಮೆಗೂ ಕೊಟ್ಟಿಗೆ ಯಾರದ್ದು ಹೇಳಿ ಕೇಳ್ತ್ವಿಲ್ಲೆ, ಅಕ್ಕಂಗೆ ಮಾತ್ರ ಪತ್ರ ಬೇಕು!" ಎಂದು ಕೂಗಿದೆ. ಊರಿನ ಭಾಷೆ ನನಗೆ ಸಿಟ್ಟು ಬಂದಾಗ ತಾನಾಗಿ ಬರುತ್ತದೆ.

ಚಾದ ತಟ್ಟೆ ಹಿಡಿದು ಅಕ್ಕ ಬಾಗಿಲ ಹತ್ತಿರ ನಿಂತಿದ್ದಳು. ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟು ಒಳಗೆ ಹೋದಳು. ಅಳಲು ಹೋದಳೆಂದು ನಾನು ಅಂದುಕೊಂಡೆ. ಅಕ್ಕ ವಾಪಸು ಬಂದಾಗ ಅವಳ ಕೈಯಲ್ಲಿ ಹಳೆ ಸೀರೆಯ ತುಂಡಿನಲ್ಲಿ ಸುತ್ತಿದ ಒಂದು ಕಟ್ಟಿತ್ತು. ಬಿಚ್ಚಿದಳು. ಛಾಪಾ ಕಾಗದ, ಮಡಿಕೆಗಳಲ್ಲಿ ಹಳದಿಯಾಗಿದ್ದರೂ ಒಂದೂ ತೂತಿಲ್ಲ. ಮೂವರ ಸಹಿ, ನಕಾಶೆ, ಎಲ್ಲ.

"ಇದು ನಿನ್ನ ಹತ್ರ ಹೆಂಗೆ ಬಂತು?" ಎಂದು ಅಪ್ಪ ಕೇಳಿದ.

"ಆಯಿ ಕೊಟ್ಟಿತ್ತು. ಆನು ಬಂದ ವರ್ಷ ದೇವರು ಇಲ್ಲೇ ಇತ್ತು. ಮೊಳೆ ತೆಗೆದು ಕೊಟ್ಟಿತ್ತು. 'ಇದು ನಿನ್ನ ಹತ್ರ ಇದ್ರೆ ಯಾರೂ ನಿನ್ನ ಎಬ್ಬಸ್ತ್ವಿಲ್ಲೆ' ಹೇಳಿತ್ತು."

ಆಯಿಯ ಕಾನೂನು ತಪ್ಪು. ಪತ್ರ ಕೈಯಲ್ಲಿದ್ದ ಮಾತ್ರಕ್ಕೆ ಹಕ್ಕು ಬರುವುದಿಲ್ಲ ಎಂದು ಯಾವ ವಕೀಲನಾದರೂ ಹೇಳುತ್ತಾನೆ. ಆದರೆ ಆಯಿಗೆ ಕಾನೂನು ಗೊತ್ತಿರದಿದ್ದರೂ ನಾವೆಲ್ಲ ಗೊತ್ತಿದ್ದೆವು.

"ಇಷ್ಟು ವರ್ಷ ಹೇಳದ್ದೆ ಕೂತಿದ್ಯಲೆ?" ಎಂದ ತಮ್ಮ.

"ಯಾರೂ ಕೇಳಿದ್ವಿಲ್ಲೆ," ಎಂದಳು. ದೂರುವ ಧ್ವನಿಯಲ್ಲಲ್ಲ. ನಿಜವಾಗಿಯೂ ಯಾರೂ ಕೇಳಿರಲಿಲ್ಲ. ಪೆಟ್ಟಿಗೆ ಹುಡುಕಲು ಘಟ್ಟದವರೆಗೆ ಹೋಗಿಬಂದ ನಾನೂ ಮನೆಯಲ್ಲಿದ್ದವಳನ್ನು ಕೇಳಿರಲಿಲ್ಲ.

ನಕಾಶೆ ಬಿಡಿಸಿ ನೋಡಿದೆ. ಪಡುವಣ ಕೋಣೆ ಎರಡೂ ಅಪ್ಪನ ಪಾಲಿಗೆ, ಅಕ್ಷರದಲ್ಲಿಯೂ ಗೆರೆಯಲ್ಲಿಯೂ. ಚಿಕ್ಕಪ್ಪನದು ಮೂಡಣ ಬದಿ. ಕೆಳಗೆ ಅವನದೇ ಸಹಿ, ಅವನ ಗೀಚಿನ ಸಹಿಯನ್ನು ಯಾರೂ ನಕಲು ಮಾಡಲಾರರು.

ಅಪ್ಪ ಕೈ ಚಾಚಿದ. "ಕೊಡು ಇಲ್ಲಿ. ಅದು ದೇವರ ಸಂಗಡ ಇರವು."

ಅಕ್ಕ ಕೊಡಲಿಲ್ಲ. ಅಪ್ಪನ ಮಾತಿಗೆ ಅವಳು ಇಲ್ಲ ಎಂದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕಾಗದವನ್ನು ಮತ್ತೆ ಅದೇ ಮಡಿಕೆಗಳಲ್ಲಿ ಮಡಚುತ್ತ, "ದೇವರಿಗೆ ಮೂರು ಮನೆ ಇದ್ದು ಅಪ್ಪಯ್ಯ. ನಂಗೆ ಒಂದೂ ಇಲ್ಲೆ," ಎಂದಳು.

ಚಾ ಆರಿಹೋಯಿತು. ಯಾರೂ ಮುಟ್ಟಲಿಲ್ಲ. ಅಪ್ಪ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದ. ಆಮೇಲೆ ನನ್ನ ಕಡೆ ತಿರುಗಿ, "ಬರಿ," ಎಂದ. "ವಾಟ್ನಿ ಪತ್ರ, ಮೂಲ. ಹಿರಿಮಗಳ ಸುಪರ್ದಿ. ಬೇಕಾದವು ಅದನ್ನೇ ಕೇಳವು." ಪಟ್ಟಿಯ ತಲೆಬರಹದ ಮೇಲೆ ಬೆರಳಿಟ್ಟು, "ಮೇಲೆ ಮಗನ ತಿಳುವಳಿಕೆಗೆ ಹೇಳಿ ಬರದ್ದೆ ಅಲ್ದಾ? ಹೊಡೆದು ಹಾಕು. ಮಕ್ಕಳು ಹೇಳಿ ಬರಿ."

ತಮ್ಮ, "ಆನೂ ಅದನ್ನೇ ಹೇಳವು ಹೇಳಿ ಮಾಡಿದ್ದಿ," ಎಂದ. ಹೇಳಿರಲಿಲ್ಲ ಎಂಬುದನ್ನು ನಾನು ಆ ದಿನ ಎತ್ತಿ ಆಡಲಿಲ್ಲ.

ಮೃತ್ಯುಪತ್ರವೂ ಆಯಿತು. ವಕೀಲರು ವಾಟ್ನಿ ಪತ್ರ ನೋಡಿ ಕೋಣೆಗಳ ಚಕ್ಕುಬಂದಿ ಬರೆದರು. ಊರಿನ ಇಬ್ಬರು ಸಾಕ್ಷಿ ಹಾಕಿದರು. ಕಡ್ಡಾಯವಲ್ಲದಿದ್ದರೂ ನೋಂದಣಿ ಮಾಡಿಸಿಬಿಡಿ ಎಂದು ವಕೀಲರು ಹೇಳಿದ್ದಕ್ಕೆ ಅಪ್ಪ, ಹಿಂದೆ ಉಳಿಸಿದ ಖರ್ಚು ಸಾಕು ಎಂದು ತಾನೇ ಸಿದ್ದಾಪುರದ ಕಚೇರಿಯ ಮೆಟ್ಟಿಲು ಹತ್ತಿದ. ಅದರ ಮೂಲವನ್ನೂ ಪಟ್ಟಿಯಲ್ಲಿ ಅಕ್ಕನ ಹೆಸರಿನ ಮುಂದೆ ಏರಿಸಿದೆ. ಲಾಕರಿನ ನಾಮಿನಿ ಬದಲಾಯಿತು. ಪಟ್ಟಿಯ ಪುಟಪುಟಕ್ಕೂ ಅಪ್ಪ ಸಹಿ ಮಾಡಿ ತಾರೀಖು ಹಾಕಿದ. ಒಂದು ಪ್ರತಿ ತಮ್ಮನಿಗೆ, ಒಂದು ಅಕ್ಕನಿಗೆ, ಒಂದು ನನಗೆ. ಸಮಾಯಿಕ ಕಾಗದಗಳ ಪುಟವನ್ನಷ್ಟೇ ಅಣ್ಣನಿಗೂ ಚಿಕ್ಕಪ್ಪನಿಗೂ ಅಂಚೆಯಲ್ಲಿ ಕಳಿಸಿದೆ.

ಅದು ಮುಟ್ಟಿದ ದಿನ ನಾನು ತವರಲ್ಲೇ ಇದ್ದೆ. ಅಪ್ಪನ ಫೋನು ಬಡಿದುಕೊಂಡಿತು. ಚಿಕ್ಕಪ್ಪನ ಧ್ವನಿ ಜಗುಲಿಗೆಲ್ಲ ಕೇಳುತ್ತಿತ್ತು: ಪತ್ರ ಎಲ್ಲಿತ್ತು, ಯಾರು ತೆಗೆದದ್ದು, ಈಗಲೇ ಪೆಟ್ಟಿಗೆಗೆ ಹಾಕಬೇಕು. ಅಪ್ಪ ಪೂರ್ತಿ ಕೇಳಿದ. "ಪಟ್ಟಿಲಿ ಬರದ್ದಲ ಮಾರಾಯ, ಯಾರನ್ನ ಕೇಳವು ಹೇಳಿ," ಎಂದು ಹೇಳಿ ಫೋನನ್ನು ಅಕ್ಕನ ಕಡೆ ಚಾಚಿದ.

ಅಕ್ಕ ಎಮ್ಮೆಗೆ ಹಿಂಡಿ ಕಲಸುತ್ತಿದ್ದಳು. ಆ ಮನೆಯಲ್ಲಿ ಅವಳಿಗೆಂದು ಫೋನು ಬರುವ ರೂಢಿ ಇರಲಿಲ್ಲ, ನನಗೋ ಎಂಬಂತೆ ನನ್ನ ಮುಖ ನೋಡಿದಳು. ಆಮೇಲೆ ಕೈ ತೊಳೆದು, ಸೆರಗಿಗೆ ಒರೆಸಿ, ಫೋನು ಹಿಡಿದಳು.

"ಹ್ಞಾ ಚಿಕ್ಕಪ್ಪ. ಯನ್ನ ಹತ್ರ ಇದ್ದು," ಎಂದಳು. "ಎಂತ ಬೇಕಾಗಿತ್ತು, ಕೇಳು."